ಜ್ವರದ ಜೊತೆ ದದ್ದು: ದಡಾರವೋ, ರುಬೆಲ್ಲಾವೋ?

ನಾಲ್ಕು ವರ್ಷದ ಮಗುವೊಂದಕ್ಕೆ ಸೋಮವಾರ ಜ್ವರ ಬಂತೆನ್ನೋಣ. ಜೊತೆಗೆ ಕೆಮ್ಮು, ಸುರಿಯುವ ಮೂಗು, ಬೆಳಕು ಕಂಡರೆ ಮುಚ್ಚಿಕೊಳ್ಳುವ ಕೆಂಪು ಕಣ್ಣು. ಮನೆಯವರಿಗೆ ಇದು ಬರೀ ಶೀತ. ಬುಧವಾರ ವೈದ್ಯರು ಬಾಯಿಗೆ ಟಾರ್ಚ್ ಬಿಟ್ಟು ನೋಡಿದಾಗ, ಕೆನ್ನೆಯ ಒಳಭಾಗದಲ್ಲಿ ದವಡೆ ಹಲ್ಲುಗಳ ಎದುರಿಗೆ ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆಗಳು. ಇವು ಕಂಡರೆ ದಡಾರ ಎಂದು ಬಹುಮಟ್ಟಿಗೆ ಹೇಳಬಹುದು. ಆದರೆ ಒಂದೆರಡು ದಿನದಲ್ಲಿ ಮಾಯವಾಗುವುದರಿಂದ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ಗುರುವಾರ ದದ್ದು ಏಳುತ್ತದೆ. ಮೊದಲು ಕಿವಿಯ ಹಿಂದೆ, ಕೂದಲಂಚಿನಲ್ಲಿ. ಆಮೇಲೆ ಮುಖ, ಎದೆ, ಹೊಟ್ಟೆ. ಸುಮಾರು ಮೂರು ದಿನದಲ್ಲಿ ಪಾದದವರೆಗೆ. ದದ್ದುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಜ್ವರ 104 ಡಿಗ್ರಿವರೆಗೂ ಏರಬಹುದು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಎದ್ದು ಕಾಣದಿದ್ದರೂ ಕೈಯಾಡಿಸಿದರೆ ತರಿತರಿ ಗೊತ್ತಾಗುತ್ತದೆ. ಇಳಿಯುವಾಗ ಕಂದು ಕಲೆ ಬಿಟ್ಟು, ನವಿರಾಗಿ ಸಿಪ್ಪೆ ಏಳುತ್ತದೆ.

ರುಬೆಲ್ಲಾದ ನಡೆ ಬೇರೆ. ಸಣ್ಣ ಜ್ವರ, ಮುಖದಿಂದ ಶುರುವಾಗಿ ಒಂದೇ ದಿನದಲ್ಲಿ ಮೈಗೆ ಹರಡುವ ತೆಳು ಗುಲಾಬಿ ದದ್ದು. ಮೂರು ದಿನದಲ್ಲಿ ಸುಳಿವೇ ಇರದು. ಕಿವಿಯ ಹಿಂದೆ, ಕತ್ತಿನ ಹಿಂಭಾಗದಲ್ಲಿ ಗಂಟು ಕೈಗೆ ಸಿಗುತ್ತದೆ. ಮಗು ಆಡಿಕೊಂಡೇ ಇರುತ್ತದೆ. ಅಪಾಯವಿರುವುದು ಹತ್ತಿರದಲ್ಲಿರುವ ಗರ್ಭಿಣಿಯ ಹೊಟ್ಟೆಯಲ್ಲಿರುವ ಕೂಸಿಗೆ. ಮೊದಲ ಮೂರು ತಿಂಗಳಲ್ಲಿ ಸೋಂಕಾದರೆ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಈ ನಂಟನ್ನು 1941ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್.

ಆದರೂ ಕಣ್ಣಂದಾಜು ಸಾಲದು. ಡೆಂಗಿಯಲ್ಲೂ ಔಷಧದ ಅಲರ್ಜಿಯಲ್ಲೂ ಇಂಥದೇ ದದ್ದು ಬರುತ್ತದೆ. ಖಚಿತವಾಗುವುದು ರಕ್ತಪರೀಕ್ಷೆಯಿಂದಲೇ.

ಮಗುವನ್ನು ಎಷ್ಟು ದಿನ ಬೇರೆ ಇಡಬೇಕು? ಲೆಕ್ಕ ಹಾಕಬೇಕಾದದ್ದು ಜ್ವರದ ದಿನದಿಂದಲ್ಲ, ದದ್ದು ಕಂಡ ದಿನದಿಂದ. ದಡಾರ ದದ್ದಿಗೆ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ ಹರಡುತ್ತದೆ. ಗುರುವಾರ ದದ್ದೆದ್ದ ಈ ಮಗು ಮುಂದಿನ ಸೋಮವಾರದವರೆಗೆ ಮನೆಯಲ್ಲಿರಬೇಕು. ಜ್ವರವಿಲ್ಲದೆ ಗೆಲುವಾಗಿದ್ದರೆ ಮಂಗಳವಾರ ಅಂಗನವಾಡಿಗೆ ಹೋಗಬಹುದು. ರುಬೆಲ್ಲಾ ಆದರೆ ದದ್ದಿನ ನಂತರ ಏಳು ದಿನ, ಅಂದರೆ ಮುಂದಿನ ಗುರುವಾರದವರೆಗೆ. ಹಿಂದಿನ ಭಾನುವಾರದಿಂದ ಈ ಮಗುವಿನೊಡನೆ ಆಡಿದ, ಲಸಿಕೆಯಾಗದ ಮಕ್ಕಳ ಮನೆಯವರಿಗೂ ವಿಷಯ ತಿಳಿಸಬೇಕು. ಸಂಪರ್ಕವಾಗಿ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ದಡಾರ ತಪ್ಪುವ ಸಾಧ್ಯತೆಯಿದೆ.

'ಅಮ್ಮ ಆಗಿದೆ' ಎಂದು ಪಥ್ಯ ಹಿಡಿಸುವುದು ಬೇಡ. ದಡಾರದ ಮಗುವಿಗೆ ಊಟ, ನೀರು, ಎದೆಹಾಲು ನಿಲ್ಲಿಸಬಾರದು; ವೈದ್ಯರು ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಏದುಸಿರು, ಫಿಟ್ಸ್, ಎಚ್ಚರ ತಪ್ಪುವಂಥ ಮಂಪರು, ಒತ್ತಿದರೂ ಬಿಳಿಚದ ನೇರಳೆ ಕಲೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊರಡುವ ಮೊದಲು ಒಂದು ಫೋನ್ ಮಾಡಿ. ದಡಾರದ ವೈರಸ್ ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು, ಆದ್ದರಿಂದ ಸರದಿಯ ಬೆಂಚಿನಲ್ಲಿ ಕಾಯಬೇಡಿ. ತಾಯಿ ಕಾರ್ಡ್ ತೆಗೆದು, 9 ತಿಂಗಳಿಗೊಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಎಂಆರ್ ಲಸಿಕೆ ಬಿದ್ದಿದೆಯೇ ನೋಡಿಕೊಳ್ಳಿ.