ಅಣುತೂಕ ಹೇಳುವ ಉಷ್ಣಮಾಪಕ

ಕಣ್ಣಿಗೆ ಕಾಣದ ಅಣುವನ್ನು ತೂಗುವುದೆಂತು? ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೌಲ್ 1882ರಲ್ಲಿ ಇದಕ್ಕೊಂದು ಹಾದಿ ತೋರಿಸಿದನು. ಸಕ್ಕರೆಯಂತಹ ವಸ್ತುವನ್ನು ಕರಗಿಸಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನೂರಕ್ಕಿಂತ ಮೇಲೆ ಕುದಿಯುತ್ತದೆ. ತೆಳುವಾದ ದ್ರಾವಣದಲ್ಲಿ ಈ ವ್ಯತ್ಯಾಸಕ್ಕೆ ಕರಗಿದ ವಸ್ತು ಯಾವುದೆಂಬುದು ಮುಖ್ಯವಲ್ಲ. ಅದರ ಕಣಗಳೆಷ್ಟೆಂಬುದೇ ಮುಖ್ಯ.

ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್, ಎಂದರೆ ಅಣುತೂಕದಷ್ಟು ಗ್ರಾಂ, ವಸ್ತು ಕರಗಿದರೆ ಹೆಪ್ಪುಗಟ್ಟುವ ಬಿಂದು 1.86 ಡಿಗ್ರಿ ಇಳಿಯುತ್ತದೆ. ಕುದಿಯುವ ಬಿಂದು 0.51 ಡಿಗ್ರಿ ಮಾತ್ರ ಏರುತ್ತದೆ. ಮೇಲಾಗಿ, ಗಾಳಿಯ ಒತ್ತಡ ಬದಲಾದರೆ ಕುದಿಯುವ ಬಿಂದುವೂ ಬದಲಾಗುವುದು. ಆದಕಾರಣ ನೀರಿನ ಮಟ್ಟಿಗೆ ಇಳಿತವನ್ನು ಅಳೆಯುವುದೇ ಲೇಸು.

100 ಗ್ರಾಂ ನೀರಿನಲ್ಲಿ 9 ಗ್ರಾಂ ಗ್ಲೂಕೋಸ್ ಕರಗಿಸಿದಿರೆನ್ನಿ. ಕಿಲೋಗ್ರಾಂ ನೀರಿಗೆ 90 ಗ್ರಾಂ ಆಯಿತು. ಇಳಿತ ಸುಮಾರು 0.93 ಡಿಗ್ರಿ, ಎಂದರೆ 1.86ರ ಅರ್ಧ. ಅಂದಮೇಲೆ 90 ಗ್ರಾಂ ಎಂಬುದು ಅರ್ಧ ಮೋಲ್. ಪೂರ್ಣ ಮೋಲಿನ ತೂಕ 180 ಗ್ರಾಂ.

ಅಳೆಯುವಾಗ ಒಂದು ಎಚ್ಚರ ಬೇಕು. ದ್ರಾವಣವು ಎಷ್ಟೋ ವೇಳೆ ಹೆಪ್ಪುಗಟ್ಟದೆಯೇ ಇನ್ನೂ ಕೆಳಕ್ಕೆ ತಣಿಯುತ್ತದೆ. ಹಿಮದ ಹರಳು ಮೂಡಿದೊಡನೆ ಪಾದರಸ ಮೇಲೇರಿ ನಿಲ್ಲುತ್ತದೆ. ಹಾಗೆ ಏರಿ ನಿಂತ ಅಂಕವನ್ನು ಓದಿಕೊಳ್ಳಿ. ತಳದ ಅಂಕವನ್ನು ಹಿಡಿದರೆ ಅಣುತೂಕ ಕಡಮೆ ಬಂದೀತು.

ಅಡಿಗೆ ಉಪ್ಪಿನ ಕಥೆಯೇ ಬೇರೆ. ಅದರ ಸೂತ್ರತೂಕ 58.5, ಈ ಕ್ರಮದಲ್ಲಿ ಮೂವತ್ತರ ಸುಮಾರಿಗೆ ಬರುತ್ತದೆ. ನೀರಿನಲ್ಲಿ ಅದು ಸೋಡಿಯಂ, ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಬೇರ್ಪಟ್ಟು ಇಳಿತವನ್ನು ಹೆಚ್ಚುಕಡಮೆ ಇಮ್ಮಡಿ ಮಾಡುವುದೇ ಇದಕ್ಕೆ ಕಾರಣ.