15 ಸೆಕೆಂಡ್, ಐದು ಇಳಕಲ್ ಸೀರೆ: ಲುಕ್‌ಬುಕ್ ವಿಡಿಯೋಗೆ ಸ್ಟೋರಿಬೋರ್ಡ್ ಹಾಕೋದು ಹೀಗೆ

ಸಾಂಪ್ರದಾಯಿಕ ಇಳಕಲ್ ಸೀರೆ ಮಾರುವ ಬ್ರ್ಯಾಂಡ್‌ಗೆ 15 ಸೆಕೆಂಡಿನ ಲುಕ್‌ಬುಕ್ ವಿಡಿಯೋ ಬೇಕು ಅಂದುಕೊಳ್ಳಿ. ಐದು ಸೀರೆ, ಒಬ್ಬರೇ ಮಾಡೆಲ್. ಕ್ಯಾಮೆರಾ ಹಿಡಿಯೋ ಮೊದಲು ಹಾಳೆ ಮೇಲೆ ಏಳು ಚೌಕ ಎಳೆಯಬೇಕು. ಒಂದು ಚೌಕ ಅಂದ್ರೆ ಒಂದು ಶಾಟ್.

ಪ್ರತಿ ಸೀರೆಗೆ 2 ಸೆಕೆಂಡ್. ಆರನೇ ಚೌಕದಲ್ಲಿ ಸೆರಗಿನ ತೆನೆ ವಿನ್ಯಾಸ ಹತ್ತಿರದಿಂದ, 4 ಸೆಕೆಂಡ್. ಗಿರಾಕಿ ನೋಡೋದೇ ಅದನ್ನ. ಉಳಿದ 1 ಸೆಕೆಂಡ್ ಹೆಸರಿಗೆ.

ಒಂದು ಸೀರೆಯಿಂದ ಇನ್ನೊಂದಕ್ಕೆ ಹೋಗಲು ಆ್ಯಪ್‌ನ ಮಿಂಚಿನ ಎಫೆಕ್ಟ್ ಬೇಡ, ಸೆರಗೇ ಸಾಕು. ಮಾಡೆಲ್ ಸೆರಗನ್ನು ಎಡದಿಂದ ಬಲಕ್ಕೆ ಬೀಸಿ ಲೆನ್ಸ್ ಪೂರ್ತಿ ಮುಚ್ಚಬೇಕು. ಕಟ್ ಅಲ್ಲೇ. ಮುಂದಿನ ಶಾಟ್ ಮುಚ್ಚಿದ ಸೆರಗಿನಿಂದಲೇ ಶುರುವಾಗಿ, ಅದು ಬಲಕ್ಕೇ ಸರಿಯಬೇಕು. ಹಾಗಾಗಿ ಪ್ರತಿ ಚೌಕದಲ್ಲೂ ಬಾಣದ ಗುರುತು ಇರಲಿ. ಬಾಣ ತಿರುಗುಮುರುಗಾದರೆ ವಿಡಿಯೋ ಜಿಗಿದಂತೆ ಕಾಣುತ್ತದೆ. ಕಟ್ ಆದ ಜಾಗದಲ್ಲಿ ನಿಲ್ಲಿಸಿ ನೋಡಿ. ಅಂಚಲ್ಲಿ ಗೋಡೆ ಇಣುಕಿದರೆ ಮತ್ತೆ ಶೂಟ್ ಮಾಡಲೇಬೇಕು.

ಇಲ್ಲಿ ಒಡಲಿನ ಬಣ್ಣ ಬೇರೆಯಾದರೂ ಐದರದ್ದೂ ಕೆಂಪು ಸೆರಗು. ಅದಕ್ಕೇ ಈ ಉಪಾಯ ನಡೆಯುತ್ತದೆ. ಸೆರಗಿನ ಬಣ್ಣ ಬದಲಾದರೆ ಕಟ್ ಸಿಕ್ಕಿಬೀಳುತ್ತದೆ. ಜಾರ್ಜೆಟ್ ಆದರೆ ಹಗುರ, ಹಾರಿದ್ದು ನಿಧಾನಕ್ಕೆ ಇಳಿಯುತ್ತದೆ. 3 ಸೆಕೆಂಡ್ ಕೊಟ್ಟು, ಸೀರೆ ಮೂರಕ್ಕೆ ಇಳಿಸೋದು ವಾಸಿ.