ಅಪ್ಪನಾದ ಮೇಲೆ ಆಸೆ ಎಲ್ಲಿ ಹೋಯಿತು?

ಬಾಣಂತನ ಮುಗಿಸಿಕೊಂಡು ಹೆಂಡತಿ ಐದು ತಿಂಗಳ ಮಗುವಿನೊಂದಿಗೆ ತವರಿನಿಂದ ಮರಳಿರುತ್ತಾಳೆ. ಗಂಡ ಇಷ್ಟು ದಿನ ಶನಿವಾರ ಬಸ್ಸು ಹತ್ತಿ ಹೋಗಿ ಭಾನುವಾರ ರಾತ್ರಿ ವಾಪಸು ಬರುತ್ತಿದ್ದವನು. ಈಗ ಮೂವರೂ ಒಂದೇ ಮನೆಯಲ್ಲಿದ್ದಾರೆ, ಇನ್ನೇನು ಬೇಕು? ಆದರೂ ರಾತ್ರಿ ಅವಳು ಹತ್ತಿರ ಸರಿದರೆ ಅವನು ಗೋಡೆಯ ಕಡೆ ಹೊರಳುತ್ತಾನೆ. ದಪ್ಪಗಾದೆನೆಂದು ತನ್ನನ್ನು ಬಿಟ್ಟಿದ್ದಾನೆ ಎಂದು ಅವಳು ಕೊರಗುತ್ತಾಳೆ. ತನ್ನ ಗಂಡಸುತನಕ್ಕೇ ಏನೋ ಆಗಿದೆ ಎಂದು ಅವನು ಹೆದರುತ್ತಾನೆ. ಇಬ್ಬರೂ ಬಾಯಿ ಬಿಡುವುದಿಲ್ಲ.

ಹೆರಿಗೆಯಾದ ಹೆಣ್ಣಿಗೆ ಕೆಲವು ತಿಂಗಳು ಕೂಡುವ ಮನಸ್ಸಿರುವುದಿಲ್ಲ ಎನ್ನುವುದು ಮನೆಯ ಹಿರಿಯರಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಗಂಡಸಿಗೂ ಹಾಗಾಗಬಹುದು ಎಂದು ಯಾರೂ ಹೇಳಿರುವುದಿಲ್ಲ. ಅವನಿಗೆ ಆಸೆ ಯಾವಾಗಲೂ ಇದ್ದೇ ಇರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ.

ದೇಹದ ಲೆಕ್ಕ ಬೇರೆ. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ ಸಂಶೋಧಕರು 624 ಯುವಕರ ಟೆಸ್ಟೊಸ್ಟೆರಾನ್ ಹಾರ್ಮೋನನ್ನು 2005ರಲ್ಲಿ ಅಳೆದರು, 2009ರಲ್ಲಿ ಮತ್ತೆ ಅಳೆದರು. ಈ ನಡುವೆ ಸಂಗಾತಿಯನ್ನು ಪಡೆದು ಅಪ್ಪಂದಿರೂ ಆದವರಲ್ಲಿ ಆ ಹಾರ್ಮೋನು ಬೆಳಗಿನ ಹೊತ್ತು ಸುಮಾರು 26 ಪ್ರತಿಶತ, ಸಂಜೆ ಸುಮಾರು 34 ಪ್ರತಿಶತ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುತ್ತಿದ್ದ ಅಪ್ಪಂದಿರಲ್ಲಿ ಮಟ್ಟ ಇನ್ನೂ ಕಡಿಮೆ. ಇದು ಕಾಯಿಲೆಯಲ್ಲ. ಗಂಡಿನ ದೇಹ ಮಗುವಿನ ಆರೈಕೆಗೆ ಹೊಂದಿಕೊಳ್ಳುವ ರೀತಿ ಇದು. ಹಾಗೆಂದು ಆಸೆ ಕುಗ್ಗಲು ಈ ಇಳಿತವೊಂದೇ ಕಾರಣ ಎನ್ನಲೂ ಆಗದು. ಬಹಳಷ್ಟು ಮನೆಗಳಲ್ಲಿ ನಿದ್ದೆಗೇಡಿನ ಪಾಲೇ ದೊಡ್ಡದು ಎಂದು ನನಗನಿಸುತ್ತದೆ.

2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ 10 ಮಂದಿ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದರು. ಅಷ್ಟಕ್ಕೇ ಅವರ ಹಗಲಿನ ಟೆಸ್ಟೊಸ್ಟೆರಾನ್ 10ರಿಂದ 15 ಪ್ರತಿಶತ ಇಳಿಯಿತು. ಚಿಕ್ಕ ಗುಂಪಿನ ಪರೀಕ್ಷೆ, ನಿಜ. ಆದರೆ ಅವರಿಗೆ ಆ ಐದು ಗಂಟೆ ಒಟ್ಟಿಗೆ ಸಿಕ್ಕಿತ್ತು. ಕೂಸಿರುವ ಮನೆಯಲ್ಲಿ ಅದೇ ಐದು ಗಂಟೆ ಮೂರು ನಾಲ್ಕು ತುಂಡಾಗುತ್ತದೆ, ವಾರವಲ್ಲ, ತಿಂಗಳುಗಟ್ಟಲೆ. ನಿದ್ದೆಗೆಟ್ಟವನಿಗೆ ಹಾಸಿಗೆ ಕಂಡರೆ ನಿದ್ದೆಯೊಂದೇ ನೆನಪಾಗುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ರಾತ್ರಿಯನ್ನು ಹಂಚಿಕೊಳ್ಳುವುದರಿಂದ. ಮೇಲೆ ಹೇಳಿದಂಥ ಮನೆಯನ್ನೇ ತೆಗೆದುಕೊಳ್ಳೋಣ. ಗಂಡ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕು, ಮಗು ರಾತ್ರಿ ಮೂರು ಸಲ ಏಳುತ್ತದೆ. ಈಗ ಪ್ರತಿ ಸಲವೂ ಇಬ್ಬರೂ ಏಳುತ್ತಿದ್ದಾರೆ. ಅದರ ಬದಲು ಅವಳು ಒಂಬತ್ತೂವರೆಗೆ ಹಾಲೂಡಿಸಿ ಮಲಗಲಿ. ಎರಡು ಗಂಟೆಯವರೆಗೆ ಮಗು ಅತ್ತರೆ ಏಳುವುದು ಅವನು. ಸಂಜೆಯೇ ತೆಗೆದು ಫ್ರಿಜ್ಜಿನಲ್ಲಿಟ್ಟ ಎದೆಹಾಲಿನ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಹದವಾದ ಮೇಲೆ ಒಳಲೆಯಲ್ಲಿ ಕುಡಿಸಿ, ತೇಗಿಸಿ, ಮಲಗಿಸುವುದು ಅವನ ಪಾಳಿ. ಎರಡರ ನಂತರ ಅವಳ ಪಾಳಿ. ಅವನು ಪಕ್ಕದ ಕೋಣೆಯಲ್ಲೋ ಹಾಲಿನಲ್ಲೋ ಏಳರವರೆಗೆ ಮಲಗಲಿ. ಇಬ್ಬರಿಗೂ ನಾಲ್ಕೂವರೆ, ಐದು ಗಂಟೆ ಮುರಿಯದ ನಿದ್ದೆ ಸಿಗುತ್ತದೆ. ಅತ್ತೆಯೋ ಅಮ್ಮನೋ ಮನೆಯಲ್ಲಿದ್ದರೆ ಬೆಳಗಿನ ಆರರಿಂದ ಎಂಟು ಅವರಿಗೆ ವಹಿಸಬಹುದು. ಮಗ ಮಧ್ಯರಾತ್ರಿ ಒಳಲೆ ಹಿಡಿದು ಕೂತದ್ದನ್ನು ಕಂಡು ಹಿರಿಯರು ಗೊಣಗಿದರೂ ಈ ಏರ್ಪಾಡನ್ನು ಬಿಡಬಾರದು.

ಎರಡು ಮೂರು ವಾರ ಹೀಗೆ ನಡೆದರೆ ಒಂದು ಸಂಗತಿ ತಾನಾಗಿ ಗೊತ್ತಾಗುತ್ತದೆ. ನಿದ್ದೆ ತುಂಬಿದ ದಿನಗಳಲ್ಲಿ ಆಸೆ ಅಷ್ಟಿಷ್ಟು ಮರಳಿದರೆ ತೊಂದರೆ ಆಯಾಸದ್ದು. ನಿದ್ದೆಯಾದರೂ ಆಸೆ ಇಲ್ಲ, ಬೆಳಗಿನ ಜಾವ ತಾನಾಗಿ ಆಗುತ್ತಿದ್ದ ನಿಮಿರುವಿಕೆಯೂ ನಿಂತಿದೆ ಎಂದರೆ ಡಾಕ್ಟರನ್ನು ಕಾಣಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಸೇವಿಸುತ್ತಿರುವ ಬೇರೆ ಮಾತ್ರೆಗಳು, ಇವೆಲ್ಲವನ್ನೂ ಅವರು ನೋಡುತ್ತಾರೆ. ಟೆಸ್ಟೊಸ್ಟೆರಾನ್ ಪರೀಕ್ಷೆಗೆ ರಕ್ತವನ್ನು ಬೆಳಗ್ಗೆಯೇ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಅದು ಸಹಜವಾಗಿ ಇಳಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಟೆಸ್ಟೊಸ್ಟೆರಾನ್ ಚುಚ್ಚುಮದ್ದನ್ನೋ ಜೆಲ್ಲನ್ನೋ ಶುರುಮಾಡಬೇಡಿ. ಹೊರಗಿನಿಂದ ಬಂದ ಹಾರ್ಮೋನು ದೇಹದ ಸ್ವಂತ ತಯಾರಿಕೆಯನ್ನು ಅಡಗಿಸುತ್ತದೆ, ವೀರ್ಯಾಣು ಹುಟ್ಟುವುದೂ ನಿಲ್ಲಬಹುದು. ಜೆಲ್ ಹಚ್ಚಿದ ತೋಳಿನಲ್ಲಿ ಮಗುವನ್ನು ಎತ್ತಿಕೊಂಡರೆ ಔಷಧ ಮಗುವಿನ ಚರ್ಮಕ್ಕೂ ಹತ್ತಿ, ವಯಸ್ಸಿಗೆ ಮುಂಚೆ ಪ್ರೌಢ ಲಕ್ಷಣಗಳು ಕಾಣಿಸಿಕೊಂಡ ಪ್ರಕರಣಗಳಿವೆ.

ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಸಾಮೀಪ್ಯದ ಮಾತು. ಹೆಚ್ಚಿನ ದಂಪತಿಗಳಲ್ಲಿ ಈ ಹೊತ್ತಿಗೆ ಸ್ಪರ್ಶವೇ ನಿಂತುಹೋಗಿರುತ್ತದೆ. ಹೆಗಲ ಮೇಲೆ ಕೈ ಇಟ್ಟರೂ ‘ಇದು ಎಲ್ಲಿಗೆ ಹೋಗುತ್ತದೋ’ ಎಂಬ ಅಳುಕಿನಿಂದ ಒಬ್ಬರು ಸರಿಯುತ್ತಾರೆ, ಇನ್ನೊಬ್ಬರು ಅದನ್ನು ತಿರಸ್ಕಾರ ಎಂದುಕೊಳ್ಳುತ್ತಾರೆ. ಇದಕ್ಕೆ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕ ಜೋಡಿ 1970ರ ಸುಮಾರಿಗೆ ತೋರಿಸಿಕೊಟ್ಟ ದಾರಿಯನ್ನು ಲೈಂಗಿಕ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ಮೊದಲ ನಿಯಮ ಸಂಭೋಗವನ್ನು ಕೆಲವು ವಾರ ಇಬ್ಬರೂ ಒಪ್ಪಿ ಕೈಬಿಡುವುದು. ‘ಇವತ್ತು ಅದು ಇಲ್ಲ ಕಣೇ, ಸುಮ್ಮನೆ ಹತ್ತಿರ ಇರೋಣ’ ಎಂದು ಬಾಯಿಬಿಟ್ಟೇ ಹೇಳಬೇಕು. ಆಮೇಲೆ ವಾರದಲ್ಲಿ ಎರಡು ಸಲ, ಮಗು ಮಲಗಿದ ಹೊತ್ತಿನಲ್ಲಿ, ಹದಿನೈದು ಇಪ್ಪತ್ತು ನಿಮಿಷ. ಒಬ್ಬರು ಇನ್ನೊಬ್ಬರ ಬೆನ್ನು, ತೋಳು, ಪಾದಗಳನ್ನು ನಿಧಾನ ಸವರುವುದು. ಎದೆ, ಜನನಾಂಗ ಮುಟ್ಟುವಂತಿಲ್ಲ. ಮುಟ್ಟಿಸಿಕೊಳ್ಳುವವರು ಹಿತವಾಗಿದೆಯೋ ಇಲ್ಲವೋ ಹೇಳಿದರೆ ಸಾಕು. ಆಮೇಲೆ ಅದಲುಬದಲು. ಎರಡು ಮೂರು ವಾರ ಕಳೆದು ಅಳುಕು ಇಳಿದ ಮೇಲೆ ಉಳಿದ ಭಾಗಗಳನ್ನು ಸೇರಿಸಿಕೊಳ್ಳುವುದು, ಕೂಡುವುದು ಎಲ್ಲಕ್ಕಿಂತ ಕೊನೆಗೆ. ನಡುವೆ ಆಸೆ ಎದ್ದರೂ ನಿಯಮ ಮುರಿಯಬಾರದು. ಪರೀಕ್ಷೆಯಲ್ಲಿ ಪಾಸಾಗಬೇಕೆಂಬ ಒತ್ತಡ ತೆಗೆದದ್ದರಿಂದಲೇ ಆಸೆ ಎದ್ದಿರುತ್ತದೆ. ಮನೆಯಲ್ಲಿ ಒಂದೇ ಕೋಣೆ, ಜನ ಹೆಚ್ಚು ಎನ್ನುವವರಿಗೆ ಇದು ಸುಲಭವಲ್ಲ. ಅಂಥವರು ಬಾಗಿಲು ಹಾಕಿಕೊಳ್ಳಲು ಸಾಧ್ಯವಾಗುವ ಅರ್ಧ ಗಂಟೆಯನ್ನು ಮನೆಯವರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕೂಡುವ ಹಂತ ಬಂದಾಗ ಅವಳ ದೇಹದ ಸ್ಥಿತಿಯನ್ನೂ ಅವನು ತಿಳಿದಿರಬೇಕು. ಹಾಲೂಡಿಸುವಾಗ ಈಸ್ಟ್ರೊಜೆನ್ ಕಡಿಮೆ ಇರುವುದರಿಂದ ಯೋನಿ ಒಣಗಿ ನೋವಾಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ, ನೀರಿನಂಶದ ಲೂಬ್ರಿಕೆಂಟ್ ಜೆಲ್ ಸಾಕಾಗುತ್ತದೆ. ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬಾರದು, ಅದು ಹರಿಯುತ್ತದೆ. ಮತ್ತೆ ಗರ್ಭ ನಿಂತರೆ ಎಂಬ ಭಯವೂ ಎಷ್ಟೋ ಗಂಡಸರ ಆಸೆಯನ್ನು ಒಳಗೊಳಗೇ ಕೊಲ್ಲುತ್ತಿರುತ್ತದೆ. ಹಾಲೂಡಿಸುತ್ತಿದ್ದರೆ ಗರ್ಭ ನಿಲ್ಲುವುದಿಲ್ಲ ಎಂಬ ನೆಚ್ಚಿಕೆ, ಮಗುವಿಗೆ ಆರು ತಿಂಗಳು ತುಂಬಿದ ಮೇಲೆ, ಅಥವಾ ಮುಟ್ಟು ಮರಳಿದ ಮೇಲೆ, ಅಥವಾ ಮೇಲಿನ ಹಾಲು, ಆಹಾರ ಶುರುವಾದ ಮೇಲೆ ನಡೆಯುವುದಿಲ್ಲ. ಕಾಪರ್-ಟಿ, ಕಾಂಡೋಮ್ ವಿಚಾರವನ್ನು ಅದಕ್ಕೆ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಅವನು ಚೇತರಿಸಿಕೊಳ್ಳದಿದ್ದರೆ ಖಿನ್ನತೆಯ ಅನುಮಾನ ಬರಬೇಕು. 2010ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹತ್ತರಲ್ಲಿ ಒಬ್ಬ ಅಪ್ಪನಿಗೆ ಖಿನ್ನತೆ ಇತ್ತು. ಮಗುವಿನ ಮೂರರಿಂದ ಆರನೇ ತಿಂಗಳ ನಡುವೆ ಅದು ಹೆಚ್ಚು. ನಮ್ಮಲ್ಲಿ ಹೆಂಡತಿ ತವರಿನಿಂದ ಬರುವ ಕಾಲವೂ ಬಹುಪಾಲು ಅದೇ. ಗಂಡಸಿನಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ಸಣ್ಣದಕ್ಕೆ ರೇಗುವುದು, ಕಾರಣವಿಲ್ಲದೆ ಆಫೀಸಿನಲ್ಲೇ ಉಳಿಯುವುದು, ಕುಡಿತ ಹೆಚ್ಚುವುದು, ಕ್ರಿಕೆಟ್ಟು ಗೆಳೆಯರು ಯಾವುದೂ ಬೇಡವಾಗುವುದು, ಮಗುವನ್ನು ಎತ್ತಿಕೊಂಡರೂ ಏನೂ ಅನಿಸದಿರುವುದು. ಎರಡು ವಾರ ಮೀರಿ ಹೀಗೇ ಇದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯದೆ ಅದೇ ದಿನ ಕರೆದೊಯ್ಯಬೇಕು. ಖಿನ್ನತೆಯ ಕೆಲವು ಮಾತ್ರೆಗಳು ಆಸೆಯನ್ನು ಇನ್ನಷ್ಟು ತಗ್ಗಿಸುತ್ತವೆ. ಹಾಗಾದಾಗ ತಾವಾಗಿ ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ಹೇಳಿದರೆ ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಿಕೊಡುತ್ತಾರೆ.